ತಲೆಬರಹ ಹರಿದ ಹಾಳೆಗಳು

ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಹತ್ತನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದವಳನ್ನು ಬೀದಿಯವರೆಲ್ಲ ಲೆಕ್ಕದಕ್ಕ ಎನ್ನುತ್ತಿದ್ದರು. ವಾರಕ್ಕೊಂದು ಪಾಠ, ಪಾಠಕ್ಕೊಂದು ಹಾಳೆ, ಹಾಳೆಯಲ್ಲಿ ಒಂದೇ ಜಾತಿಯ ಇಪ್ಪತ್ತು ಲೆಕ್ಕ. ಮಕ್ಕಳು ಇಪ್ಪತ್ತಕ್ಕೆ ಹತ್ತೊಂಬತ್ತು ತೆಗೆದುಕೊಂಡು ಮನೆಗೆ ಹೋಗುತ್ತಿದ್ದರು. ತಂದೆತಾಯಿಗಳು ಅವಳನ್ನು ಹೊಗಳಿ ಅಟ್ಟಕ್ಕೇರಿಸುತ್ತಿದ್ದರು. ವಾರ್ಷಿಕ ಪರೀಕ್ಷೆಯಲ್ಲಿ ಅದೇ ಮಕ್ಕಳು ನೂರಕ್ಕೆ ನಲವತ್ತೈದಕ್ಕೆ ಬಂದು ಕೂತಾಗ, ಮಕ್ಕಳಿಗೆ ದೃಷ್ಟಿಯಾಯಿತು ಎನ್ನುತ್ತಿದ್ದರು. ಅವಳಿಗೂ ಅದೇ ಅನುಕೂಲವಾಗಿತ್ತು.

ಒಂದು ದಿನ ಹಾಳೆ ಸಿದ್ಧಮಾಡುವಾಗ ಅವಳು ಎಡವಿದಳು. ಮೇಲೆ ದಪ್ಪ ಅಕ್ಷರದಲ್ಲಿ 'ವರ್ಗ ಸಮೀಕರಣ' ಎಂದು ಬರೆದು, ಏಳನೇ ಲೆಕ್ಕವಾಗಿ ಸಿಲಿಂಡರ್ ಆಕಾರದ ನೀರಿನ ತೊಟ್ಟಿಯ ಘನಫಲವನ್ನು ಸೇರಿಸಿಬಿಟ್ಟಳು. ಹದಿನಾಲ್ಕು ಮಕ್ಕಳೂ ಆ ತೊಟ್ಟಿಗೆ ವರ್ಗ ಸಮೀಕರಣದ ಸೂತ್ರ ಹಾಕಿದ್ದರು. ತ್ರಿಜ್ಯವೇ ಎ, ಎತ್ತರವೇ ಬಿ. ಸಿ ಸಿಗದೆ ಒಬ್ಬ, ತೊಟ್ಟಿ ಖಾಲಿಯಿದೆ ಎಂದು ಸೊನ್ನೆ ಬರೆದಿದ್ದ. ಮೂರು ವಾರದ ಹಿಂದೆ ಸಿಲಿಂಡರ್ ಪಾಠದಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ತೆಗೆದ ವೀರನೇ ಅವನು.

ಲೆಕ್ಕದಕ್ಕ ನಕ್ಕು ನಕ್ಕು ಸುಸ್ತಾದಳು, ಆಮೇಲೆ ನಾಚಿದಳು. ಈ ಮಕ್ಕಳು ಲೆಕ್ಕ ಓದುತ್ತಲೇ ಇರಲಿಲ್ಲ, ತಲೆಬರಹ ಓದುತ್ತಿದ್ದರು. ಯಾವ ಸೂತ್ರ ಬೇಕು ಎಂದು ಆರಿಸುವ ಕೆಲಸವನ್ನು ಇಷ್ಟು ವರ್ಷ ಅವಳೇ ಮಾಡಿಕೊಟ್ಟಿದ್ದಳು. ಪರೀಕ್ಷೆಯ ಕೋಣೆಗೆ ಅವಳು ಹೋಗುವ ಹಾಗಿರಲಿಲ್ಲವಲ್ಲ!

ಮರುದಿನವೇ ತಲೆಬರಹ ಹಾರಿಹೋಯಿತು. ಹೊಸ ಪಾಠ ಹೇಳಿಕೊಟ್ಟು ನಾಲ್ಕು ಲೆಕ್ಕ ಮಾಡಿಸಿದ ಮೇಲೆ, ಹಾಳೆಯ ಉಳಿದ ಹದಿನಾರು ಲೆಕ್ಕಗಳು ಹಿಂದಿನ ಪಾಠಗಳಿಂದ ಬರುತ್ತಿದ್ದವು, ಅಕ್ಕಪಕ್ಕ ಒಂದೇ ಜಾತಿಯವು ಬಾರದ ಹಾಗೆ. ತಪ್ಪಿದ್ದನ್ನು ಅಂದೇ ತಿದ್ದಿಸುತ್ತಿದ್ದಳು. ಹತ್ತೊಂಬತ್ತು ತೆಗೆಯುತ್ತಿದ್ದವರು ಒಂಬತ್ತಕ್ಕೆ ಇಳಿದರು. ಎರಡೇ ತಿಂಗಳಲ್ಲಿ ಒಂಬತ್ತು ಮಕ್ಕಳು ಎದುರು ರಸ್ತೆಯ ಫುಲ್ ಮಾರ್ಕ್ಸ್ ಸರ್ ಹತ್ತಿರ ಹೋದರು. ಅಲ್ಲಿ ಪಾಠಕ್ಕೊಂದು ಹಾಳೆ, ಹಾಳೆಗೊಂದು ಚಪ್ಪಾಳೆ.

ಉಳಿದ ಐವರಲ್ಲಿ ಒಬ್ಬಳು ಅವಳ ಅಣ್ಣನ ಮಗಳು. ಅತ್ತಿಗೆ ಹಾಳೆಗಳ ಕಟ್ಟು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದಳು.

"ಏನೇ ಇದು? ಹತ್ತು, ಎಂಟು, ಹನ್ನೊಂದು! ನಿನ್ ಹತ್ರ ಬಂದು ಬಂದೂ ದಡ್ಡಿ ಆಗ್ತಿದಾಳೆ ನನ್ ಮಗಳು."

"ಪರೀಕ್ಷೆಯಲ್ಲೂ ಹೀಗೇ ಕಲಸಿ ಕೇಳ್ತಾರೆ ಅತ್ತಿಗೆ."

"ಪರೀಕ್ಷೆಯಲ್ಲಿ ಅಳೋದು ಇದ್ದೇ ಇದೆ. ಈಗಿಂದ್ಲೇ ಯಾಕೆ ಅಳಿಸ್ತೀಯಾ?"

ಸ್ವಂತ ಅಣ್ಣನ ಮಗಳೇ ಬಿಟ್ಟುಹೋದರೆ ಆ ಕೋಣೆಗೆ ಇನ್ಯಾರು ಬಂದಾರು? ಲೆಕ್ಕದಕ್ಕನ ಬಾಯಿಂದ ಮಾತು ಜಾರಿತು. "ವಾರ್ಷಿಕ ಪರೀಕ್ಷೆಯಲ್ಲಿ ಇವಳಿಗೆ ಎಪ್ಪತ್ತಕ್ಕಿಂತ ಕಡಿಮೆ ಬಂದ್ರೆ ಈ ಬಾಗಿಲು ಮುಚ್ತೀನಿ. ಅಲ್ಲಿವರೆಗೂ ಬಿಡಿ."

ಅತ್ತಿಗೆ ಇಳಿದು ಹೋದ ಮೇಲೆ ಮೂಲೆಯಲ್ಲಿ ಕೂತಿದ್ದ ಹುಡುಗಿ ಮೂಗೊರೆಸಿಕೊಂಡು ಹೇಳಿದಳು, "ಮುಂಚೆ ಎಲ್ಲಾ ಬರ್ತಿತ್ತು ಅತ್ತೆ. ಈಗ ಏನೂ ಬರಲ್ಲ ಅನ್ಸತ್ತೆ."

"ಮುಂಚೆ ಯಾವ ಸೂತ್ರ ಅಂತ ನಾನೇ ಬರೆದಿಡ್ತಿದ್ದೆ, ನೀನು ಅಂಕಿ ತುಂಬಿಸ್ತಿದ್ದೆ. ಈಗ ಆರಿಸೋದೂ ನಿನ್ನ ಕೆಲಸ, ಹಳೇದನ್ನ ನೆನಪಿಸ್ಕೊಳ್ಳೋದೂ ನಿನ್ನ ಕೆಲಸ. ಕಷ್ಟ ಆಗ್ಲೇಬೇಕು ಕಣೇ."

ಹೇಳುವುದೇನೋ ಹೇಳಿದಳು. ಆದರೆ ವಾರಗಟ್ಟಲೆ ಆ ಎಂಟು, ಒಂಬತ್ತುಗಳನ್ನು ನೋಡಿ ನೋಡಿ ಅವಳಿಗೇ ಭಯ ಹತ್ತಿತ್ತು. ಎರಡು ಸಲ ಹಳೆಯ ಹಾಳೆಗಳನ್ನು ಕಪಾಟಿನಿಂದ ತೆಗೆದು ಮತ್ತೆ ಒಳಗಿಟ್ಟಳು.

ಫಲಿತಾಂಶ ಬಂತು. ಹುಡುಗಿಗೆ ಎಂಬತ್ನಾಲ್ಕು. ಉಳಿದವರಲ್ಲಿ ಮೂವರು ಎಪ್ಪತ್ತು ದಾಟಿದರು, ಒಬ್ಬ ಐವತ್ತೆಂಟಕ್ಕೆ ನಿಂತ. ಎದುರು ರಸ್ತೆಗೆ ಹೋದ ಒಂಬತ್ತು ಜನರಲ್ಲಿ ಅರವತ್ತು ಮುಟ್ಟಿದವನು ಒಬ್ಬನೇ. ಈ ವರ್ಷ ಪ್ರಶ್ನೆಪತ್ರಿಕೆ ವಿಪರೀತ ಕಷ್ಟವಿತ್ತು ಎಂದರು ಫುಲ್ ಮಾರ್ಕ್ಸ್ ಸರ್. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅತ್ತಿಗೆ ಮಾತ್ರ, "ಪೇಪರ್ ತುಂಬಾ ಸುಲಭ ಇತ್ತಂತೆ" ಎಂದು ಬೀದಿಯಲ್ಲಿ ನಿಂತು ಹೇಳಿದಳು. "ನಮ್ ಹುಡುಗಿ ಎಂಟು ಒಂಬತ್ತು ತೆಗೀತಿದ್ದೋಳು, ಅವಳಿಗೇ ಎಂಬತ್ನಾಲ್ಕು ಬಂದಿದೆ ಅಂದ್ರೆ ನೀವೇ ಲೆಕ್ಕ ಹಾಕಿ!"

ಲೆಕ್ಕದಕ್ಕ, ಬಾಗಿಲು ಉಳಿಯಿತು, ಮಾನ ಉಳಿಯಲಿಲ್ಲ ಎಂದುಕೊಂಡು ಕೋಣೆ ಗುಡಿಸುತ್ತಿದ್ದಾಗ ಮೆಟ್ಟಿಲ ಮೇಲೆ ಸದ್ದಾಯಿತು. ಅತ್ತಿಗೆ ಕಿರಿಮಗಳ ಕೈ ಹಿಡಿದು ನಿಂತಿದ್ದಳು.

"ಇವಳಿಗೂ ಹಾಗೇ ಹೇಳ್ಕೊಡು" ಎಂದಳು, ಗೋಡೆ ನೋಡುತ್ತಾ. "ಎಷ್ಟು ಬೇಕಾದ್ರೂ ಅಳಿಸು. ಹಾಳೆ ಮೇಲೆ ಮಾರ್ಕ್ಸ್ ಮಾತ್ರ ಹಾಕಿ ಮನೆಗೆ ಕಳಿಸ್ಬೇಡ, ನಂಗೆ ತಡೆಯೋಕಾಗಲ್ಲ ಕಣೇ."