ಒಂದು ಗಂಟೆ, ಒಂದು ಟ್ರೇ ಕಾಗದ

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮುಂಬಯಿಯ ಕೋಟೆ ಭಾಗದಲ್ಲಿದ್ದ ಬಣ್ಣ ತಯಾರಿಸುವ ಒಂದು ವಿಲಾಯತಿ ಕಂಪನಿಯಲ್ಲಿ ನಾನು ಗುಮಾಸ್ತ. ಗೋರೆಗಾಂವ್‌ನ ಚಾಳಿನ ಖೋಲಿಯೊಂದರಲ್ಲಿ ಊರ ಕಡೆಯ ಹುಡುಗರ ಜೊತೆ ಇದ್ದೆ. ಹೆಂಡತಿ ಮತ್ತು ಮಗಳು ಧಾರವಾಡದಲ್ಲಿದ್ದರು. ಆ ವರ್ಷ ಗೋದಾಮು ಅಧಿಕಾರಿಯ ಹುದ್ದೆಯೊಂದು ಖಾಲಿಯಾಯಿತು. ಅದು ಸಿಕ್ಕರೆ ಸಾಂತಾಕ್ರೂಜ್‌ನಲ್ಲಿ ಕಂಪನಿಯ ಎರಡು ಕೋಣೆಯ ಮನೆ ಸಿಗುತ್ತಿತ್ತು, ಅವರಿಬ್ಬರನ್ನೂ ಕರೆಸಿಕೊಳ್ಳಬಹುದಿತ್ತು. ನನಗೆ ಬೇಕಾದದ್ದು ಆ ಮನೆ. ಹುದ್ದೆ ಅದರ ಬಾಗಿಲು, ಅಷ್ಟೇ.

ಈ ಸಲ ಬರೀ ಸಂದರ್ಶನವಿಲ್ಲ, ಇಡೀ ದಿನದ ಪರೀಕ್ಷೆ ಎಂದರು. ಸಾಂತಾಕ್ರೂಜ್‌ನಲ್ಲಿದ್ದ ಕಂಪನಿಯ ಬಂಗಲೆಗೆ ಅರ್ಜಿ ಹಾಕಿದ್ದ ನಮ್ಮನ್ನೆಲ್ಲ ಕರೆದರು. ಉಡುಪಿ ಕಡೆಯ ಹಿರಿಯ ಗುಮಾಸ್ತರೊಬ್ಬರೂ ಬಂದಿದ್ದರು. ಆಫೀಸಿನಲ್ಲಿ ಅವರದು ನನ್ನ ಪಕ್ಕದ ಮೇಜು. ಅವರಷ್ಟು ಚೆಂದದ ಇಂಗ್ಲಿಷು ಬರೆಯುವವರು ನಮ್ಮಲ್ಲಿ ಇನ್ನೊಬ್ಬರಿರಲಿಲ್ಲ. ಒಳಗೊಳಗೇ ನನಗೆ ಹೊಟ್ಟೆಕಿಚ್ಚು.

ಪ್ರತಿಯೊಬ್ಬರ ಮುಂದೂ ಕಾಗದ ತುಂಬಿದ ಒಂದು ಟ್ರೇ ಇಟ್ಟರು. ನೀವು ಹೊಸ ಅಧಿಕಾರಿ, ಇಂದು ಭಾನುವಾರ, ಆಫೀಸಿನಲ್ಲಿ ಕಾವಲುಗಾರನ ಹೊರತು ಯಾರೂ ಇಲ್ಲ, ಟೆಲಿಫೋನು ಕೆಟ್ಟಿದೆ, ಒಂದು ಗಂಟೆಯಲ್ಲಿ ರೈಲು ಹಿಡಿಯಬೇಕು, ಗುರುವಾರ ವಾಪಸು. ಪ್ರತಿ ಕಾಗದಕ್ಕೂ ಏನು ಮಾಡುತ್ತೀರಿ, ಏಕೆ ಎಂದು ಬರೆಯಿರಿ. ಇದು ಆಟದ ನಿಯಮ.

ನಮ್ಮ ಆಫೀಸಿನ ಕಟ್ಟಳೆಯೇ ಬೇರೆ. ಬಂದ ಕ್ರಮದಲ್ಲೇ ವಿಲೇವಾರಿ ಆಗಬೇಕು, ಮೇಲಿನದು ಮುಗಿಯದೆ ಕೆಳಗಿನದನ್ನು ಮುಟ್ಟಬಾರದು. ಅದರ ಮೇಲೆ, ದೊಡ್ಡ ಸಾಹೇಬರ ಕಾಗದವೆಂದರೆ ದೇವರ ಪ್ರಸಾದ. ಟ್ರೇಯಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಅದೇ: ಬರುವ ಶನಿವಾರದ ಔತಣಕ್ಕೆ ಅತಿಥಿಗಳ ಪಟ್ಟಿ ಬೇಕು, ಜರೂರು, ಕೆಂಪು ಶಾಯಿ. ಉಡುಪಿಯವರು ಆಗಲೇ ಪೆನ್ನು ಓಡಿಸುತ್ತಿದ್ದರು. ನಾನು ಪೆನ್ನು ಮುಚ್ಚಿಟ್ಟು ಎಲ್ಲವನ್ನೂ ತಳದವರೆಗೆ ಓದಿದೆ. ಏನು ಕಾದಿದೆಯೆಂದು ತಿಳಿಯದೆ ಯಾವುದು ಮೊದಲೆಂದು ಹೇಗೆ ಹೇಳುವುದು?

ಮಧ್ಯದಲ್ಲಿ ಒಂದು ಕಾಗದ: ಗೋದಾಮಿನ ಚಾವಣಿಗೆ ವೆಲ್ಡಿಂಗ್ ಮಾಡಲು ಸೋಮವಾರ ಬೆಳಿಗ್ಗೆ ಜನ ಬರುತ್ತಾರೆ. ತೀರ ತಳದಲ್ಲಿ ಕಾವಲುಗಾರನ ಚೀಟಿ: ಗೋದಾಮಿನಲ್ಲಿ ಥಿನ್ನರಿನ ಪೀಪಾಯಿಯೊಂದು ಸೋರುತ್ತಿದೆ, ವಾಸನೆ ಬಹಳ. ಒಂದೊಂದಾಗಿ ಓದಿದರೆ ಎರಡೂ ಸಾದಾ ಸಮಾಚಾರ. ಬಣ್ಣ ತೆಳುಮಾಡುವ ಥಿನ್ನರು ಹತ್ತಿಕೊಳ್ಳಲು ಒಂದು ಕಿಡಿ ಸಾಕು; ಜೋಡಿಸಿ ಓದಿದರೆ ಬೆಂಕಿ. ಎರಡನ್ನೂ ಒಟ್ಟಿಗೆ ಪಿನ್ನು ಚುಚ್ಚಿದೆ. ವೆಲ್ಡಿಂಗ್ ಬೇಡ, ಯಾರೂ ಬೀಡಿ ಹಚ್ಚಬಾರದು, ಬಾಗಿಲು ತೆರೆದಿಡಿ, ಪೀಪಾಯಿಯನ್ನು ತಿಳಿದವರೇ ಮುಟ್ಟಲಿ ಎಂದು ಬರೆದು, ಕಾವಲುಗಾರನ ಕೈಯಲ್ಲೇ ಗೋದಾಮಿನ ಮುಖ್ಯಸ್ಥನ ಮನೆಗೆ ಈಗಲೇ ಕಳಿಸುವುದೆಂದು ಗುರುತು ಹಾಕಿದೆ. ಆಮೇಲೆ ಮಾಲು ತಡವಾಯಿತೆಂಬ ವ್ಯಾಪಾರಿಯ ದೂರು. ರಜೆ ಅರ್ಜಿಗಳು ಹೆಡ್ ಕ್ಲಾರ್ಕಿಗೆ. ಔತಣದ ಪಟ್ಟಿ ಗುರುವಾರಕ್ಕೆ, ಕೊನೆಯಲ್ಲಿ. ಉದ್ದುದ್ದ ಪತ್ರ ಬರೆಯಲಿಲ್ಲ. ಎರಡು ಸಾಲು, ಒಂದು ಕಾರಣ.

ಗಂಟೆ ಹೊಡೆದಾಗ ಉಡುಪಿಯವರದು ಆರು ಪತ್ರ ಆಗಿತ್ತು, ಮುತ್ತು ಪೋಣಿಸಿದಂಥ ಅಕ್ಷರ. ವೆಲ್ಡಿಂಗಿಗೆ ಒಪ್ಪಿಗೆಯನ್ನೂ ಬರೆದುಬಿಟ್ಟಿದ್ದರು. ತಳಕ್ಕೆ ಮುಟ್ಟಿರಲಿಲ್ಲ. ಊಟದ ಹೊತ್ತಿಗೆ ನನ್ನ ಕ್ರಮ ಕೇಳಿ ಅವರು ಕನಿಕರದಿಂದ ನೋಡಿದರು. "ಸಾಹೇಬರ ಕಾಗದ ಬಿಟ್ಟು ವಾಚ್‌ಮನ್‌ನ ಚೀಟಿ ಮೊದಲು ನೋಡುವುದುಂಟಾ ಮಾರಾಯ?"

ಮಧ್ಯಾಹ್ನ ಪರೀಕ್ಷೆಯ ಎರಡನೇ ಭಾಗ, ಒಂದು ನಾಟಕ. ಅಧಿಕಾರಿಯೊಬ್ಬರು ಅದೇ ದೂರಿನ ವ್ಯಾಪಾರಿಯ ವೇಷದಲ್ಲಿ ನುಗ್ಗಿ ಬಂದು ಮೇಜು ಗುದ್ದಿದರು. ನಾಳೆ ಬೆಳಿಗ್ಗೆಯೇ ಮಾಲು ಬೇಕು, ದೊಡ್ಡ ಸಾಹೇಬರು ನನ್ನ ಸ್ನೇಹಿತರು ಎಂದು ಕೂಗಾಡಿದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆದರೂ ಅವರು ಪೂರ್ತಿ ಹೇಳಿ ಮುಗಿಸುವವರೆಗೆ ಬಾಯಿ ಬಿಡಲಿಲ್ಲ. ತಡವಾದದ್ದು ನಮ್ಮ ತಪ್ಪೆಂದು ಒಪ್ಪಿದೆ. ಪೀಪಾಯಿ ಸೋರುತ್ತಿರುವ ಆ ಗೋದಾಮಿನಿಂದ ನಾಳೆ ಏನೂ ಹೊರಗೆ ಬರುವುದಿಲ್ಲ, ಇನ್ನೊಂದು ಗೋದಾಮಿನಲ್ಲಿ ಮಾಲಿದೆಯೇ ಎಂದು ನೋಡಿಸಿ ನಾಳೆ ಸಂಜೆಯೊಳಗೆ ಹೇಳಿಕಳಿಸುತ್ತೇನೆ, ಅದಕ್ಕಿಂತ ಹೆಚ್ಚಿನ ಮಾತು ಕೊಡಲಾರೆ ಎಂದೆ. ಅವರು ಎಷ್ಟು ಗುದ್ದಿದರೂ ಉತ್ತರ ಅದೇ.

ಕೊನೆಗೆ ದೊಡ್ಡ ಸಾಹೇಬರೇ ಕೇಳಿದರು, ತಮ್ಮ ಕಾಗದ ಯಾಕೆ ಕೊನೆಗೆ ಎಂದು. ಸಿಕ್ಕಿದ ಅವಕಾಶ ಬಿಡುವವನಲ್ಲ ನಾನು. ನೀವು ಸಿಟ್ಟಾದರೆ ನಿಮ್ಮ ಕ್ಷಮೆ ಕೇಳಬಹುದು, ಗೋದಾಮು ಸುಟ್ಟರೆ ಯಾರ ಕ್ಷಮೆ ಕೇಳಲಿ ಎಂದೆ. ಅವರು ನಗಲಿಲ್ಲ, ಬರೆದುಕೊಂಡರು. ಹುದ್ದೆ ನನಗೆ ಬಂತು.

ಹೆಂಡತಿ ಮಗಳೊಡನೆ ಬಂದಿಳಿದಾಗ ಸ್ಟೇಷನ್ನಿನಿಂದ ಮನೆಯವರೆಗೂ ಈ ಕಥೆಯನ್ನು ಕೊಚ್ಚಿಕೊಂಡೆ. ಜರೂರು ಯಾವುದು, ಮುಖ್ಯ ಯಾವುದು, ಕಾಯಬಲ್ಲದ್ದು ಯಾವುದು ಎಂದು ಪಾಠವನ್ನೇ ಒಪ್ಪಿಸಿದೆ. ಅವಳು ನಿದ್ದೆ ಹೋದ ಮಗಳನ್ನು ಹೆಗಲಿಗೆ ಹಾಕಿಕೊಂಡು ಎಲ್ಲ ಕೇಳಿದಳು. ಮಗಳು ದಾರಿಯಲ್ಲಿ ನನ್ನನ್ನು 'ಮಾಮಾ' ಎಂದು ಕರೆದಿದ್ದಳು.

"ಇಷ್ಟ ಛಂದ ಲೆಕ್ಕಾ ಬರ್ತದಲ್ರೀ ನಿಮಗ," ಎಂದಳು ಹೆಂಡತಿ. "ಇಷ್ಟು ವರ್ಷ ನಾವಿಬ್ಬರು ಎಷ್ಟನೇ ಕಾಗದ ಆಗಿದ್ವಿ?"