ಮೇಲಿನ ಮನೆಯ ಬಚ್ಚಲ ನೀರು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಮುಚ್ಚಿಟ್ಟುಕೊಂಡು ಬರೆಯುವಷ್ಟು ಒಳ್ಳೆಯವಳೂ ಅಲ್ಲ. ಜೆ.ಪಿ. ನಗರದಲ್ಲಿ, ಸಾರಕ್ಕಿ ಮಾರ್ಕೆಟ್ಟಿಗೆ ನಡೆದೇ ಹೋಗಬಹುದಾದ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಒಂಬತ್ತು ವರ್ಷ ಬಾಡಿಗೆಗಿದ್ದೆವು. ಅಲ್ಲಿನ ಚಿಕ್ಕ ರೂಮಿನಲ್ಲಿ ಕೂತು ನಾನು ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದೆ. ಸಂಜೆ ಐದರವರೆಗೂ ಕಿಟಕಿಯ ಬೆಳಕಿನಲ್ಲೇ ದಾರದ ಬಣ್ಣ ಸರಿಯಾಗಿ ಕಾಣುತ್ತಿತ್ತು. ಗಿರಾಕಿಗಳೆಲ್ಲ ಸುತ್ತಲಿನ ನಾಲ್ಕು ರಸ್ತೆಯವರು. ಆ ರೂಮು ಕೈತಪ್ಪಿದರೆ ನನ್ನ ಕೆಲಸವೂ ಹೋದಂತೆಯೇ.

ನಮ್ಮ ತಲೆಯ ಮೇಲಿನ ಫ್ಲಾಟಿನವಳು ಸ್ವಂತ ಮನೆಯವಳು, ನನ್ನದೇ ವಯಸ್ಸು. ನಾನು ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಓನರ್ ಅಂಕಲ್‌ಗೆ ಫೋನ್ ಮಾಡಿ ಕೇಳಬೇಕು. ಅವಳು ಯಾರನ್ನೂ ಕೇಳದೆ ಅಡುಗೆಮನೆ, ಬಚ್ಚಲು ಎಲ್ಲ ಹೊಸದು ಮಾಡಿಸಿ, ಊಟಕ್ಕೆ ಕರೆದು ತೋರಿಸಿದಳು.

"ಹಳೇ ಟೈಲ್ಸ್ ಮೇಲೇನೇ ಹೊಸದು ಕೂರ್ಸಿದ್ದು ರೀ, ಒಡೆಯೋ ರಗಳೆನೇ ಇಲ್ಲ" ಎಂದಳು. ಆವತ್ತು ಅವಳು ಬಡಿಸಿದ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟೆದ್ದೆ.

ಮೂರು ತಿಂಗಳಾಗಿರಬಹುದು, ನನ್ನ ರೂಮಿನ ಸೀಲಿಂಗ್‌ನಲ್ಲಿ, ಬಚ್ಚಲಿನ ಕಡೆಯ ಮೂಲೆಯಲ್ಲಿ, ಚಹಾ ಚೆಲ್ಲಿದಂಥ ಕಲೆ ಕಾಣಿಸಿತು. ಮೇಲೆ ಹೋಗಿ ಹೇಳಿದೆ.

"ನಮ್ದು ಹೊಸಾ ಬಚ್ಚಲು ರೀ, ಸೋರೋಕೆ ಚಾನ್ಸೇ ಇಲ್ಲ. ಏನಿದ್ರೂ ನಿಮ್ಮ ಓನರ್ ಮಾತಾಡ್ಲಿ" ಎಂದು ಬಾಗಿಲು ಹಾಕಿಕೊಂಡಳು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಓನರ್‌ಗಳಿಗೆ ಮಾತ್ರ ಜಾಗ, ಬಾಡಿಗೆಯವರಿಗಿಲ್ಲ. ಹಾಗಾಗಿ ಉತ್ತರಹಳ್ಳಿಯಲ್ಲಿರುವ ಅಂಕಲ್‌ಗೇ ಫೋಟೋ ಕಳಿಸಿದೆ. ಕಲೆ ಬೆಳೆದಂತೆಲ್ಲ ಸ್ಟೂಲ್ ಹತ್ತಿ, ಅಂಚಿನ ಸುತ್ತ ಪೆನ್ಸಿಲ್ ಗೆರೆ ಎಳೆದು, ತಾರೀಖು ಬರೆದು, ಮತ್ತೆ ಫೋಟೋ ಕಳಿಸಿದೆ. "ನೋಡೋಣಮ್ಮಾ" ಎಂಬ ಒಂದೇ ಉತ್ತರ.

ಒಂದು ಮಧ್ಯಾಹ್ನ ಮದುವೆ ಹೆಣ್ಣಿನ ಸೀರೆಯಿಂದ ಒಂದು ಗೇಣು ಆಚೆಗೆ ಟಪ್ಪೆಂದು ಹನಿ ಬಿತ್ತು. ಸೀರೆಯನ್ನು ಬಾಚಿ ಆಚೆ ಮೂಲೆಗೆ ಒಯ್ದಿಟ್ಟೆ. ಫೋನ್ ಮಾಡಿದೆ. ಸೋರುವ ವಿಷಯ ಎತ್ತಿದರೆ ಅಂಕಲ್ ಏಳುವುದಿಲ್ಲ ಎಂದು ಗೊತ್ತಾಗಿತ್ತಲ್ಲ, ಬೇರೆ ದಾರಿ ಹಿಡಿದೆ.

"ಅಂಕಲ್, ಮೇಲಿನ ಮನೆ ನೀವು ನೋಡೇ ಇಲ್ವಾ? ಒಂದ್ಸಲ ಬಂದು ನೋಡಿ. ಸೇಮ್ ನಮ್ಮನೇದೇ ಅಳತೆ, ಆದ್ರೆ ಕಣ್ಣು ಕುಕ್ಕುತ್ತೆ!"

"ಹೌದಾ?" ಎಂದರು. ಆ ಭಾನುವಾರವೇ, ಸೋರುವುದನ್ನು ನೆಪ ಮಾಡಿಕೊಂಡು, ಪ್ಲಂಬರ್ ಸಮೇತ ಬಂದರು.

ಓನರ್‌ಗೆ ಓನರ್ ಎದುರಾದಾಗ ಅವಳ ಬಾಗಿಲು ತಾನಾಗಿ ತೆರೆಯಿತು, ಕಾಫಿಯೂ ಬಂತು. ನನಗೆ ಅದಕ್ಕೂ ಹೊಟ್ಟೆ ಉರಿಯಿತು. ಪ್ಲಂಬರ್ ಬಚ್ಚಲಿನ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ, ನೆಲದ ತುಂಬ ನೀರು ನಿಲ್ಲಿಸಿ, ಬಟ್ಟೆಗೆ ಹಾಕುವ ನೀಲಿ ಕಲಸಿದ. "ಇವತ್ತೊಂದಿನ ಯಾರೂ ಸ್ನಾನ ಮಾಡ್ಬೇಡಿ ಮೇಡಂ" ಎಂದ. ಅಂಕಲ್ ಮಾತ್ರ ನೀರಿನ ಕಡೆ ನೋಡದೆ ಗೋಡೆಯ ಟೈಲ್ಸನ್ನು ಸವರುತ್ತಾ ನಿಂತಿದ್ದರು.

ಮರುದಿನ ಬೆಳಿಗ್ಗೆ ನನ್ನ ಸೀಲಿಂಗ್‌ನಲ್ಲಿ ನೀಲಿ ಇಳಿದಿತ್ತು. ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಇನ್ನು ಅವಳು ಏನೂ ಅನ್ನುವಂತಿರಲಿಲ್ಲ. ಇಬ್ಬರು ಓನರ್‌ಗಳೂ ಮಾತಾಡಿ ಅವಳೇ ಸರಿಮಾಡಿಸುವುದೆಂದಾಯಿತು. ಆ ಚೆಂದದ ನೆಲವನ್ನು ಹಳೇ ಟೈಲ್ಸ್ ಸಮೇತ ಒಡೆಯುವ ಸದ್ದು ಕೇಳುತ್ತಾ ನಾನು ಕೆಳಗೆ ಕುಚ್ಚು ಕಟ್ಟಿದೆ. ಅಷ್ಟು ಚುರುಕಾಗಿ ನನ್ನ ಕೈ ಯಾವತ್ತೂ ಓಡಿರಲಿಲ್ಲ.

ವಾಟರ್‌ಪ್ರೂಫಿಂಗ್ ಮಾಡಿಸಿ, ಟೈಲ್ಸ್ ಹಾಕುವ ಮೊದಲು ಮತ್ತೆ ಎರಡು ದಿನ ನೀರು ನಿಲ್ಲಿಸಿ ನೋಡಿದರು. ಒಂದು ಹನಿಯೂ ಇಳಿಯಲಿಲ್ಲ. ನನ್ನ ಸೀಲಿಂಗ್ ಪೂರ್ತಿ ಒಣಗಲು ತಿಂಗಳು ಹಿಡಿಯಿತು. ಆಮೇಲೆ ಅಂಕಲ್ ಕೆರೆಸಿ, ಪುಟ್ಟಿ ಹಾಕಿಸಿ, ಬಣ್ಣ ಹೊಡೆಸಿದರು. ನನ್ನ ಪೆನ್ಸಿಲ್ ಗೆರೆಗಳೆಲ್ಲ ಮರೆಯಾದವು.

ಬಣ್ಣದ ಕೆಲಸ ಮುಗಿದ ದಿನ ಅಂಕಲ್ ರೂಮಿನ ನಡುವೆ ನಿಂತು ತಲೆಯೆತ್ತಿ ನೋಡಿದರು. "ನೀವು ಹೇಳಿದ್ದು ನಿಜ ಕಣಮ್ಮಾ. ಅದೇ ಅಳತೆ, ಆದ್ರೆ ಅವ್ರು ಹೆಂಗೆ ಇಟ್ಕೊಂಡಿದ್ದಾರೆ! ನಮ್ಮನೆಯವ್ರನ್ನೂ ಕರ್ಕೊಂಡ್ಬಂದು ತೋರಿಸ್ದೆ. ನಾವೂ ಹಂಗೇ ಮಾಡ್ಸಿ, ಇಲ್ಲಿಗೇ ಬಂದ್ಬಿಡೋಣ ಅಂತಿದ್ದಾರೆ. ನಿಮ್ಗೆ ಎರಡು ತಿಂಗಳು ಸಾಕಾಗುತ್ತಲ್ವಾ, ಬೇರೆ ಮನೆ ನೋಡ್ಕೊಳ್ಳೋಕೆ?"

ಮಾಡಿದ್ದುಣ್ಣೋ ಮಹಾರಾಯ. ಅವರ ಹೊಟ್ಟೆಗೆ ಕಿಚ್ಚು ಹಚ್ಚಿದ್ದು ನಾನೇ ತಾನೇ! "ಸಾಕು ಅಂಕಲ್" ಎಂದೆ.

ಈಗ ಅಂಜನಾಪುರದಲ್ಲಿದ್ದೇವೆ. ಇಲ್ಲಿ ಏನೂ ಸೋರುವುದಿಲ್ಲ. ಆದರೆ ಮೂರು ಗಂಟೆಗೇ ಪಕ್ಕದ ಕಟ್ಟಡದ ನೆರಳು ಬೀಳುತ್ತದೆ, ಹಳೇ ಗಿರಾಕಿಗಳು ಇಷ್ಟು ದೂರ ಬರುವುದಿಲ್ಲ. ಲೈಟು ಹಾಕಿ ಖಾಲಿ ಕೈಯಲ್ಲಿ ಕೂತಾಗೆಲ್ಲ, ಆ ಕಿಟಕಿಯ ಕೆಳಗೆ ಈಗ ಅಂಕಲ್‌ನ ಹೆಂಡತಿ ಕೂತಿರುತ್ತಾಳೆ ಎಂದು ನೆನಪಾಗಿ ಹೊಟ್ಟೆ ಉರಿಯುತ್ತದೆ.