ನಕ್ಷೆಯಲ್ಲಿ ಅಳಿಸಿಹೋದ ಗಜನಿಯ ಒಡ್ಡು

ಮೇಜಿನ ಮೇಲೆ ಹಾಸಿದ್ದ ನಕ್ಷೆಯಲ್ಲಿ ನಮ್ಮೂರಿನ ಗಜನಿ ಹೊಳೆಯೊಳಗೆ ಹೋಗಿತ್ತು. ಮನೆಗಳಿಗೇನೂ ಆಗಿರಲಿಲ್ಲ, ಅವು ದಿಬ್ಬದ ಮೇಲಿವೆ. ಅವುಗಳ ಕೆಳಗಿನ ಗದ್ದೆ ಬಯಲು ಪೂರ್ತಿ ನೀಲಿ. ಹೊಳೆಗೂ ಅದೇ ನೀಲಿ. ನಡುವೆ ಒಂದು ಗೆರೆಯೂ ಇಲ್ಲ.

ನಮ್ಮ ಅಂಕೋಲೆ ಕಡೆ ಗಜನಿ ಎಂದರೆ ಉಪ್ಪುನೀರು ಏರಿಬರುವ ಹೊಳೆಯಂಚಿನ ತಗ್ಗು ಗದ್ದೆ. ಮಣ್ಣು, ಚಿರೆಕಲ್ಲು ಪೇರಿಸಿ ಉದ್ದಕ್ಕೂ ಒಡ್ಡು ಕಟ್ಟಿ, ಭರತದ, ಅಂದರೆ ಸಮುದ್ರದ ಉಬ್ಬರದ, ನೀರನ್ನು ಹೊರಗಿಟ್ಟು, ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುವುದು. ಒಡ್ಡು ಇದ್ದರೆ ಅದು ಗದ್ದೆ, ಇಲ್ಲದಿದ್ದರೆ ಹೊಳೆ. ಆ ಒಡ್ಡಿಗೆ ಕೆಸರು ಹೊತ್ತು ಹೊತ್ತೇ ನನ್ನ ಅವ್ವಿಯ ತಲೆಯ ನಡುವಿನ ಕೂದಲು ಸವೆದದ್ದು. ಅದೇ ಕೂಲಿಯಲ್ಲಿ ನಾನು ಓದಿದೆ. ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು, ಅದರ ಮೇಲೆ ಎಂ.ಎಸ್‌ಸಿ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಯಾರೂ ನನಗೆ ಅದನ್ನು ಸುಮ್ಮನೆ ಕೊಡಲಿಲ್ಲ.

ಆಗ ಕಾರವಾರದಲ್ಲಿ ಒಂದು ಯೋಜನೆಯಲ್ಲಿ ಸಹಾಯಕಿಯಾಗಿದ್ದೆ. ಕರಾವಳಿಯ ಗಜನಿ ಒಡ್ಡುಗಳಲ್ಲಿ ಯಾವುದು ನಿಂತಿದೆ, ಯಾವುದು ಒಡೆದಿದೆ ಎಂದು ಉಪಗ್ರಹದ ಚಿತ್ರ ನೋಡಿ ನಕ್ಷೆ ಮಾಡಬೇಕಿತ್ತು. ನಕ್ಷೆ ಬುಧವಾರ ಮೇಲಿನವರ ಕೈಸೇರಬೇಕು. ಅದರಲ್ಲಿ ಒಡ್ಡು ಕಂಡ ಊರಿಗೆ ದುರಸ್ತಿ. ಹೊಳೆ ಎಂದು ಬಿದ್ದ ಜಾಗಕ್ಕೆ ಏನೂ ಇಲ್ಲ, ಹೊಳೆಗೆ ಯಾರು ದುರಸ್ತಿ ಮಾಡುತ್ತಾರೆ?

ನಕ್ಷೆಗೆ ಬಣ್ಣ ತುಂಬುತ್ತಿದ್ದ ಸಹೋದ್ಯೋಗಿ ಚೆಂಡಿಯಾ ಊರಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ಮಾತು ನಿಲ್ಲಿಸುತ್ತಿರಲಿಲ್ಲ, ಹೆಂಗಸರನ್ನೆಲ್ಲ ಮರ್ಯಾದೆಗೆ ಬಾಯಿ ಎಂದೇ ಕರೆಯುತ್ತಿದ್ದರು.

"ಬಾಯೀ, ನಿಮ್ಮೂರವ್ರಿಗೆ ಇನ್ನು ಆರಾಮು. ಜಗಲಿ ಮೇಲೆ ಕೂತ್ಕಂಡೇ ಗಾಳ ಹಾಕೂಕೆ ಅಡ್ಡಿಲ್ಲ."

ನಾನು ನಗಲಿಲ್ಲ. ಅವರು ಕುರ್ಚಿ ನನ್ನ ಕಡೆ ಎಳೆದು ತಗ್ಗಿದ ದನಿಯಲ್ಲಿ ಹೇಳಿದರು: "ನಕ್ಷೆ ಮೇಲೆ ಬಣ್ಣ ಬದಲಾದ್ರೆ ಎಂತ ಆಗ್ತದೆ ಅಂತ ನಮ್ಮ ಮನಿಯವ್ರ ಹತ್ರ ಕೇಳಿ. ನಾವು ಇದ್ದ ಜಾಗ ನೌಕಾನೆಲೆಗೆ ಹೋಯ್ತು, ಈಗ ಅದು ನೇವಿದು. ಸಾರ್ ಹತ್ರ ಇವತ್ತೇ ಮಾತಾಡಿ."

ಮಳೆಗಾಲದಲ್ಲಿ ನಮ್ಮ ಕಡೆ ಮೋಡ ಸರಿಯುವುದಿಲ್ಲ, ಮಾಮೂಲಿ ಉಪಗ್ರಹ ಚಿತ್ರದಲ್ಲಿ ಬರೀ ಬಿಳಿ. ಅದಕ್ಕೇ ರೇಡಾರ್ ಚಿತ್ರ. ರೇಡಾರಿನ ಅಲೆ ಮೋಡ ದಾಟಿ ನೆಲಕ್ಕೆ ಬಡಿದು ಮರಳುತ್ತದೆ. ನಿಂತ ನೀರು ಕನ್ನಡಿಯಂತೆ ಅದನ್ನು ಆಚೆ ಎಸೆಯುತ್ತದೆ, ಚಿತ್ರದಲ್ಲಿ ಕಪ್ಪು. ಕಲ್ಲು, ಪೊದೆ, ಒಡ್ಡು ಅದನ್ನು ವಾಪಸು ಕಳಿಸುತ್ತವೆ, ಬೆಳ್ಳಗೆ. ತೊಂದರೆ ಎಂದರೆ ಕಾಳು. ಚಿತ್ರದ ಒಂದು ಚುಕ್ಕೆಯಷ್ಟು ನೆಲದಲ್ಲಿ ನೂರಾರು ಹುಲ್ಲು, ಕಲ್ಲು, ಹೆಂಟೆ ಇರುತ್ತವೆ. ಒಂದೊಂದರಿಂದ ಮರಳಿದ ಅಲೆಗಳು ಒಂದನ್ನೊಂದು ಕೂಡಿದರೆ ಆ ಚುಕ್ಕೆ ಬೆಳಗುತ್ತದೆ, ಒಂದನ್ನೊಂದು ಹೊಡೆದುಹಾಕಿದರೆ ಕಪ್ಪಾಗುತ್ತದೆ. ಹೀಗಾಗಿ ಒಂದೇ ಸಮನಾದ ಬಯಲೂ ಉಪ್ಪು, ಮೆಣಸಿನ ಪುಡಿ ಬೆರೆಸಿ ಎರಚಿದಂತೆ ಕಾಣುತ್ತದೆ. ಇದಕ್ಕೆ ಸ್ಪೆಕಲ್ ಎನ್ನುತ್ತಾರೆ. ಬಸುರಿಯರ ಸ್ಕ್ಯಾನಿಂಗ್ ಚಿತ್ರದಲ್ಲಿ ಮರಳು ಮರಳಾಗಿ ಕಾಣುತ್ತದಲ್ಲ, ಅಲ್ಲಿ ಶಬ್ದದ ಅಲೆ, ಇಲ್ಲಿ ರೇಡಾರಿನದು, ಕಾಳು ಮಾತ್ರ ಅದೇ.

ಕಾಳು ಹೋಗಲಾಡಿಸಲು ನಮ್ಮ ಯೋಜನೆಯ ಮುಖ್ಯಸ್ಥರಾದ ಸಾರ್ ಹೇಳಿದ್ದ ಸೋಸುವಿಕೆ ಸರಳವಾದದ್ದು. ಪ್ರತಿ ಚುಕ್ಕೆಯ ಸುತ್ತ ಏಳು ಸಾಲು, ಏಳು ಕಂಬ, ಒಟ್ಟು ನಲವತ್ತೊಂಬತ್ತು ಚುಕ್ಕೆಗಳ ಸರಾಸರಿ ತೆಗೆದು ಅಲ್ಲಿ ಇಡುವುದು. ಬಯಲು ನುಣ್ಣಗಾಗುತ್ತದೆ. ಆದರೆ ನಮ್ಮ ಒಡ್ಡು ಚಿತ್ರದಲ್ಲಿ ಹೆಚ್ಚೆಂದರೆ ಒಂದು ಚುಕ್ಕೆ ಅಗಲ. ನಲವತ್ತೊಂಬತ್ತರಲ್ಲಿ ಅದರ ಪಾಲು ಏಳು, ಉಳಿದದ್ದೆಲ್ಲ ಕಪ್ಪು ನೀರು. ಜುಲೈ ಚಿತ್ರವಾದ್ದರಿಂದ ಒಡ್ಡಿನ ಒಳಗೂ ನೀರು, ಹೊರಗೂ ನೀರು. ಸರಾಸರಿಯಲ್ಲಿ ಒಡ್ಡು ಮುಳುಗಿತು.

ಸಾರ್ ಧಾರವಾಡದ ಕಡೆಯವರು, ಸಿಟ್ಟಿನವರಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದಿಟ್ಟರು.

"ನೋಡವಾ, ನೀ ಆ ಊರಾಕಿ. ಒಡ್ಡು ಐತಿ ಅಂತ ನಿನ್ ಮನಸಿನ್ಯಾಗ ಮೊದ್ಲ ಐತಿ. ಕಾಳಿನ್ಯಾಗ ಹುಡುಕಿದ್ರ ಯಾವ ಗೆರಿ ಬೇಕಂದ್ರೂ ಸಿಗತೈತಿ."

"ಹಾಗಾದ್ರೆ ಒಂದ್ಸಲ ಹೋಗಿ ನೋಡಿ ಬರ್ತೇನೆ ಸಾರ್."

"ಒಂದ್ ಊರಿಗೆ ಕಾಲಿಲೆ ಹೋಗಿ ನೋಡೂದು, ಉಳಿದ ಊರಿಗೆ ಕಂಪ್ಯೂಟರ್ ಹೇಳಿದ್ದು! ಅದು ನಕ್ಷಿ ಆಗ್ತದೇನು? ಎಲ್ಲಾ ಊರಿಗೂ ಒಂದ ನಿಯಮ ಇರಬೇಕು. ಅಂಥಾದ್ದು ಇದ್ರ ತಗೊಂಡ್ ಬಾ."

ಅವರು ಹೇಳಿದ್ದು ಸರಿಯಾಗಿತ್ತು. ಅದೇ ನನಗೆ ಕಷ್ಟವಾದದ್ದು. ತಪ್ಪಾಗಿದ್ದರೆ ಜಗಳವಾಡಬಹುದಿತ್ತು.

ಸಂಜೆ ಪಕ್ಕದ ಮನೆಯವರ ಮೊಬೈಲಿಗೆ ಫೋನ್ ಮಾಡಿ ಅವ್ವಿಯನ್ನು ಕರೆಸಿದೆ. ಒಡ್ಡು ಗಟ್ಟಿಯಾಗಿದೆಯಾ ಎಂದೆ.

"ಎಲ್ಲಾ ಸುಸೂತ್ರ ಇದ್ದದೆ ಮಗಾ. ನೀ ಉಂಡ್ಯಾ?"

ಅವ್ವಿಯ ಸುಸೂತ್ರವನ್ನು ನಾನು ನಂಬುವುದಿಲ್ಲ. ನನ್ನ ಪರೀಕ್ಷೆಯ ವಾರದಲ್ಲಿ ಅಪ್ಪನ ಕಾಲು ಮುರಿದಿತ್ತು, ಆಗಲೂ ಎಲ್ಲಾ ಸುಸೂತ್ರವೇ ಇತ್ತು.

ಮಾರನೆಯ ದಿನ ಮೂಲ ಚಿತ್ರವನ್ನು ಮತ್ತೆ ತೆರೆದೆ. ಎಂ.ಎಸ್‌ಸಿಯಲ್ಲಿ ಓದಿದ್ದ ಇನ್ನೊಂದು ಬಗೆಯ ಸೋಸುವಿಕೆ ಇತ್ತು. ಅದು ಕಣ್ಣು ಮುಚ್ಚಿ ಸರಾಸರಿ ತೆಗೆಯುವುದಿಲ್ಲ. ಸ್ಪೆಕಲ್ಲಿನ ಗುಣವೆಂದರೆ, ಸಮನಾದ ಜಾಗದಲ್ಲಿ ಅದರ ಏರಿಳಿತ ಆ ಜಾಗದ ಬೆಳಕಿಗೆ ತಕ್ಕಷ್ಟೇ ಇರುತ್ತದೆ: ಬೆಳಕು ಹೆಚ್ಚಿದ್ದರೆ ಹೆಚ್ಚು, ಕಡಿಮೆಯಿದ್ದರೆ ಕಡಿಮೆ. ಏರಿಳಿತ ಅಷ್ಟೇ ಇದ್ದರೆ ಅಲ್ಲಿರುವುದು ಬರೀ ಕಾಳು, ಸರಾಸರಿ ತೆಗೆ. ಅದಕ್ಕಿಂತ ತುಂಬಾ ಹೆಚ್ಚಿದ್ದರೆ ಅಲ್ಲಿ ಏನೋ ಅಂಚು ಇದೆ, ಆ ಚುಕ್ಕೆಯನ್ನು ಇದ್ದಂತೆಯೇ ಬಿಡು. ಬಯಲು ನುಣ್ಣಗಾಗಿ ಅಂಚು ಉಳಿಯುತ್ತದೆ. ಅದಕ್ಕೆ ತೆರುವ ಬೆಲೆಯೂ ಇದೆ, ಅಂಚಿನ ಬಳಿಯ ಕಾಳೂ ಹಾಗೇ ಉಳಿಯುತ್ತದೆ.

ನಮ್ಮ ಹಳೆಯ ಕಂಪ್ಯೂಟರ್ ಅದನ್ನು ಮುಗಿಸುವಷ್ಟರಲ್ಲಿ ಎರಡು ಸಲ ಕರೆಂಟ್ ಹೋಯಿತು. ಮೊದಲು ಹೊಳೆ ಸಮುದ್ರ ಸೇರುವ ಬಾಯಿಯ ಭಾಗ ತೆಗೆದು ನೋಡಿದೆ. ಅಲ್ಲಿ ಒಡ್ಡಿಲ್ಲವೆಂದು ಎಲ್ಲರಿಗೂ ಗೊತ್ತು. ಅಲ್ಲಿ ಗೆರೆ ಕಂಡರೆ ಸಾರ್ ಹೇಳಿದ್ದೇ ನಿಜ. ಗೆರೆ ಬರಲಿಲ್ಲ. ಆಮೇಲೆ ನಮ್ಮೂರು. ಕಪ್ಪು ನೀರಿನ ನಡುವೆ ಸಣ್ಣ ಬಿಳಿ ಗೆರೆ ಬಳುಕುತ್ತ ಎದ್ದು ಬಂತು. ನೀರು ಬಿಡುವ ಜಂತ್ರಡಿ ಬಾಗಿಲಿನ ಜಾಗದಲ್ಲಿ ಒಂದು ದಪ್ಪ ಬೆಳಕಿನ ಚುಕ್ಕೆ. ಅದರ ತೆಂಕಕ್ಕೆ, ಸ್ವಲ್ಪ ದೂರದಲ್ಲಿ, ಗೆರೆ ತುಂಡಾಗಿತ್ತು. ಎರಡು ಚುಕ್ಕೆ ಕಪ್ಪು.

ಕಪ್ಪು ಕಾಳೋ, ಒಡ್ಡಿನ ಕಂಡಿಯೋ? ಅಲೆಗಳು ಒಂದನ್ನೊಂದು ಹೊಡೆದುಹಾಕಿದರೆ ಗಟ್ಟಿ ಒಡ್ಡಿನ ಮೇಲೂ ಎರಡು ಚುಕ್ಕೆ ಕಪ್ಪಾಗಬಹುದು. ಚಿತ್ರ ನೋಡಿ ಹೇಳುವ ದಾರಿಯೇ ಇರಲಿಲ್ಲ.

ಸಾರ್ ಗೆರೆ ತುಂಡಾದ ಜಾಗದ ಮೇಲೆ ಬೆರಳಿಟ್ಟರು. "ಈ ಕಂಡಿ ನಿನಗ ಮೊದ್ಲ ಗೊತ್ತಿತ್ತೇನು?"

"ಇಲ್ಲ ಸಾರ್. ಅವ್ವಿ ಎಲ್ಲಾ ಸುಸೂತ್ರ ಅಂದಿದ್ರು."

"ಹಂಗಾದ್ರ ಚಲೋ ಆತು, ಇದು ನಿನ್ ಮನಸಿನ್ಯಾಗಿಂದ ಬಂದದ್ದಲ್ಲ. ಪ್ರಿಂಟ್ ತಗಿ. ಕಂಡಿ ಎಲ್ಲೈತಿ ಅಂತ ಮಾರ್ಕ್ ಮಾಡಿ ಇಲ್ಲಿ ಇಟ್ಟ್ ಹೋಗು. ಜಂತ್ರಡಿಯಿಂದ ಎಷ್ಟು ದೂರ ಅಂತ ಬರಿ. ಆಮ್ಯಾಲೆ ಊರಿಗೆ ಹೋಗಿ ನೋಡು. ಅಲ್ಲೇ ಇದ್ರ ಇದ ನಿಯಮ ಇಡೀ ಕರಾವಳಿಗೆ ಹಚ್ಚೂಣು. ಇಲ್ಲಂದ್ರ ಹಳೇದ ಕಳಸೂದು."

ಭಾನುವಾರ ಬೆಳಿಗ್ಗೆ ಅಂಕೋಲೆ ಬಸ್ಸು ಹತ್ತಿದೆ. ಕಿಟಕಿಯ ತಗಡು ಸಂದಿನಿಂದ ಮಳೆ ಸಿಡಿದು ಮಂಡಿ ಒದ್ದೆಯಾಗುತ್ತಿತ್ತು. ಚೆಂಡಿಯಾ ದಾಟಿ ಅವರ್ಸಾ ಬರುವವರೆಗೂ ನಾನು ಏನನ್ನು ಬೇಡಿಕೊಳ್ಳುತ್ತಿದ್ದೇನೆ ಎಂಬುದು ನನಗೇ ಹೊಳೆದಿರಲಿಲ್ಲ. ಒಡ್ಡು ಒಡೆದಿರಲಿ ಎಂದು ಬೇಡುತ್ತಿದ್ದೆ. ಗಟ್ಟಿಯಾಗಿದ್ದರೆ ನನ್ನ ಸೋಸುವಿಕೆ ಸುಳ್ಳು, ಬುಧವಾರ ಊರು ಹೊಳೆ. ಒಡೆದಿದ್ದರೆ ಊರು ಉಳಿಯುತ್ತದೆ, ಈ ವರ್ಷದ ಭತ್ತ ಹೋಗುತ್ತದೆ. ಅವ್ವಿ ನೆಟ್ಟ ಭತ್ತ.

ಮನೆಗೆ ಹೋಗದೆ ನೇರ ಒಡ್ಡಿಗೆ ಇಳಿದೆ. ನಾನು ಬರುವುದನ್ನು ದಿಬ್ಬದಿಂದ ಕಂಡ ಅವ್ವಿ ಮಳೆಗೆ ತಲೆಯ ಮೇಲೆ ಕೊಪ್ಪೆ ಹಾಕಿಕೊಂಡು ಹಿಂದೆಯೇ ಬಂದಳು. ಜೊತೆಗೆ ಚಿಕ್ಕಪ್ಪ.

"ಮನಿ ಬಾಗ್ಲಿಗೂ ಬರ್ದೇ ಎಲ್ಲಿಗ್ ಹೋತೀಯೇ? ಓದ್ದೋರಿಗೆ ಚಾ ಬೇಡ್ವಾ?" ಎಂದು ಚಿಕ್ಕಪ್ಪ ಕೂಗಿದ.

"ಅತ್ಲಾಗೆ ಹೋಗ್ಬೇಡ, ಜಾರ್ತದೆ!" ಎಂದು ಅವ್ವಿ. ಆ ದನಿ ಜಾರುವುದಕ್ಕೆ ಹೆದರಿದ ದನಿಯಲ್ಲ.

ಜಂತ್ರಡಿಯಿಂದ ಹೆಜ್ಜೆ ಎಣಿಸುತ್ತ ತೆಂಕಕ್ಕೆ ನಡೆದೆ. ಒಡ್ಡಿನ ಮೇಲಿನ ಪೊದೆಗಳು ಸೀರೆಯನ್ನು ಹಿಡಿದೆಳೆಯುತ್ತಿದ್ದವು. ನೀರಿನ ಸದ್ದು ಮೊದಲು ಕೇಳಿತು. ಆಮೇಲೆ ನೆಲ ನಿಂತುಹೋಯಿತು. ಎದುರಿಗೆ ಕೆಂಪು ಮಣ್ಣಿನ ಸೀಳಿದ ಬಾಯಿ, ಆಚೆ ಒಡ್ಡು ಮತ್ತೆ ಶುರು. ನಡುವೆ ಭರತದ ನೀರು ಗದ್ದೆಯೊಳಗೆ ನುಗ್ಗುತ್ತಿತ್ತು. ಗದ್ದೆಯಲ್ಲಿ ಸಸಿಗಳು ಹಳದಿ ತಿರುಗಿ ಮಲಗಿದ್ದವು. ನಾನು ಬರೆದಿಟ್ಟು ಬಂದ ದೂರಕ್ಕೂ ಅದಕ್ಕೂ ಹೆಚ್ಚು ಕಡಿಮೆ ಇರಲಿಲ್ಲ.

ಅವ್ವಿ ಪಕ್ಕಕ್ಕೆ ಬಂದು ನಿಂತಳು. "ಆಷಾಢದ ಅಮಾಸೆ ಭರ್ತಕ್ಕೆ ಹೋಯ್ತು. ನಿಂಗೆ ಹೇಳಿ ಎಂತ ಮಾಡೂದು? ಅಲ್ಲಿಂದ ಬಂದು ಕೆಸರು ಹೊರ್ತ್ಯಾ?"

ಆಷಾಢದ ಅಮಾವಾಸ್ಯೆ ಕಳೆದ ಮೇಲೆಯೇ ಉಪಗ್ರಹ ಆ ಚಿತ್ರ ತೆಗೆದಿತ್ತು. ನನ್ನ ಬಾಯಿಂದ ಉಸಿರು ಹೊರಬಿತ್ತು. ಅದು ನಗುವಾಗಿತ್ತೋ ಏನೋ.

"ನಗ್ತೀಯಲ್ಲೇ!" ಅವ್ವಿ ಒಂದು ಹೆಜ್ಜೆ ಹಿಂದೆ ಸರಿದಳು. "ಉಪ್ಪುನೀರು ಅನ್ನ ತಿಂತಾ ಇದ್ದದೆ, ನಿಂಗೆ ನಗು ಬತ್ತದ್ಯಾ?"

"ಕಾಲೇಜು ಕಲ್ತದ್ದು ಹೆಚ್ಚಾಯ್ತು," ಎಂದ ಚಿಕ್ಕಪ್ಪ.

ಅಲ್ಲಿಯೇ ಕೂತು ವಿವರಿಸಲು ನೋಡಿದೆ. ಮೇಲಿಂದ ತೆಗೆದ ಫೋಟೋದಲ್ಲಿ ನಮ್ಮ ಒಡ್ಡು ಅಳಿಸಿಹೋಗಿತ್ತು, ಈ ಕಂಡಿ ಸಿಕ್ಕಿದ್ದರಿಂದ ಒಡ್ಡು ಇರುವುದು ನಿಜವಾಯಿತು ಎಂದೆ. ಚಿಕ್ಕಪ್ಪನಿಗೆ ಅರ್ಥವಾಯಿತು, ತಲೆಯಾಡಿಸಿದ. ಅವ್ವಿ ಕಂಡಿಯ ಕಡೆಗೇ ನೋಡುತ್ತಿದ್ದಳು. ಅವಳಿಗೆ ಒಡ್ಡು ಇರುವುದು ನಿಜವಾಗಲು ಫೋಟೋ ಬೇಕಿರಲಿಲ್ಲ. ಕೊನೆಗೆ ಕೇಳಿದಳು: "ಹಂಗಾರೆ ಕಟ್ಟೂಕೆ ಬತ್ರಾ?"

"ನಕ್ಷೆಲಿ ಇದ್ರೆ ಬರ್ಬಹುದು."

"ಯಾವಾಗ?"

ನಾನು ಎದ್ದು ಚೀಲದಿಂದ ಟೇಪು ತೆಗೆದೆ, ಜಂತ್ರಡಿಯಿಂದ ಕಂಡಿಯವರೆಗೆ ಸರಿಯಾಗಿ ಅಳೆಯುವುದಿತ್ತು.

ಸೋಮವಾರ ಬೆಳಿಗ್ಗೆ ಸಾರ್ ಆ ಪ್ರಿಂಟನ್ನು ಕಪಾಟಿನಿಂದ ತೆಗೆದು, ನಾನು ಅಳೆದು ತಂದದ್ದನ್ನು ಅದರ ಪಕ್ಕದಲ್ಲಿಟ್ಟು ನೋಡಿದರು. "ಎಲ್ಲಾ ಮತ್ತ ಹಾಕು. ಇಡೀ ಕರಾವಳಿ," ಎಂದರು. ಅಷ್ಟೇ. ಚೆಂಡಿಯಾದವರು ನೀಲಿಯನ್ನು ಅಳಿಸುತ್ತ ಕೂತರು. ನಮ್ಮೂರಲ್ಲದೆ ಇನ್ನೂ ಕೆಲವು ಊರಿನ ಒಡ್ಡುಗಳು ನೀರಿನಿಂದ ಎದ್ದು ಬಂದವು. ಆ ಊರುಗಳವರು ಯಾರೂ ನಮ್ಮ ಕೋಣೆಯಲ್ಲಿರಲಿಲ್ಲ, ಹಳೆಯ ನಕ್ಷೆ ಹೋಗಿದ್ದರೆ ಅವರಿಗೆ ಗೊತ್ತೂ ಆಗುತ್ತಿರಲಿಲ್ಲ. ಬುಧವಾರ ನಕ್ಷೆ ಹೋಯಿತು.

ಆ ವರ್ಷ ನಮ್ಮ ಗಜನಿಯಲ್ಲಿ ಕೊಯ್ಲಾಗಲಿಲ್ಲ. ಚಿರೆಕಲ್ಲಿನ ಲಾರಿ ಬಂದದ್ದು ಬೇಸಿಗೆಯಲ್ಲಿ. ಕೆಸರು ಹೊರುವ ಸಾಲಿನಲ್ಲಿ ಅವ್ವಿ ಮುಂದೆಯೇ ನಿಂತಿದ್ದಳಂತೆ. ಫೋನಿನಲ್ಲಿ ಅವಳು ಅದನ್ನು ಹೇಳಲಿಲ್ಲ, ಚಿಕ್ಕಪ್ಪ ಹೇಳಿದ. ಅವಳು ಕೇಳಿದ್ದು ಒಂದೇ: "ಈಗ ಮೇಲಿಂದ ನೋಡಿರೆ ಆ ಕಂಡಿ ಕಾಣ್ತದ್ಯಾ?" ಹೊಸ ಚಿತ್ರ ಇನ್ನೂ ಬಂದಿರಲಿಲ್ಲ. ಬರಲಿ, ನೋಡಿ ಹೇಳ್ತೇನೆ ಎಂದೆ.